ಅರ್ಥ ಕಳೆದರೂ ಉಳಿದ ಆಚರಣೆ: ಮೆಲಾಕಾದ ಚೆಟ್ಟಿಗಳು ಮತ್ತು ಕೌತ್ಸನ ಪ್ರಶ್ನೆ



ವೈದ್ಯವೃತ್ತಿಯವನಾದ ನನ್ನನ್ನು ಇತಿಹಾಸದ ವಿಷಯವಾಗಿ ಮಾತನಾಡಲು ಕರೆದಿದ್ದೀರಿ. ಆದ್ದರಿಂದ ನನ್ನ ವೃತ್ತಿಗೂ ಇತಿಹಾಸಕ್ಕೂ ಸಂಬಂಧವಿರುವ, ನಮ್ಮ ಮನೆಗಳಲ್ಲಿ ಮಕ್ಕಳು ದಿನವೂ ಕೇಳುವ ಒಂದು ಪ್ರಶ್ನೆಯನ್ನೇ ಆರಿಸಿಕೊಂಡಿದ್ದೇನೆ. ಪೂಜೆಯ ಹೊತ್ತಿನಲ್ಲಿ ಮಗು "ಇದರ ಅರ್ಥವೇನು?" ಎನ್ನುತ್ತದೆ. ನಾವು ಏನಾದರೊಂದು ಉತ್ತರ ಹೇಳುತ್ತೇವೆ. ತೆಂಗಿನಕಾಯಿ ಅಹಂಕಾರದ ಸಂಕೇತ, ದೀಪ ಜ್ಞಾನದ ಸಂಕೇತ, ಬೇವು ಕ್ರಿಮಿನಾಶಕ. ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯಿದೆ. ಆಚರಣೆಗೆ ಅರ್ಥವೆಂಬುದು ಇದ್ದೇ ತೀರಬೇಕೇ? ಅದು ಯಾವುದೋ ಭಾವವನ್ನು ಸೂಚಿಸುವ ಸಂಕೇತವೋ, ಇಲ್ಲವೇ ನಿಯಮದಂತೆ ನಡೆಸಬೇಕಾದ ಬರಿಯ ಕ್ರಿಯೆಯೋ? ಈ ವಾದ ಯಾಸ್ಕನಷ್ಟು ಹಳೆಯದು. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಅದು ಮತ್ತೆ ಹೊತ್ತಿಕೊಂಡಿತು. ಅದನ್ನು ಪರೀಕ್ಷಿಸಿ ನೋಡಲು ಮಲೇಷಿಯಾದ ಮೆಲಾಕಾ ನಗರಕ್ಕಿಂತ ಒಳ್ಳೆಯ ಸ್ಥಳ ಸಿಗುವುದು ಕಷ್ಟ.

ಭಾಷೆ ಹೋಯಿತು, ಪೂಜೆ ಉಳಿಯಿತು

ಮೆಲಾಕಾ ಸುಮಾರು 1400ರ ವೇಳೆಗೆ ಸುಲ್ತಾನರ ಬಂದರು ಪಟ್ಟಣವಾಗಿ ತಲೆಯೆತ್ತಿತು. ಗುಜರಾತಿನವರು, ಚೀನೀಯರು, ಜಾವಾದವರು, ಕೋರಮಂಡಲ ತೀರದ ತಮಿಳು ವರ್ತಕರು ಎಲ್ಲರೂ ಅಲ್ಲಿ ನೆಲೆಸಿದರು. 1511ರಲ್ಲಿ ಪೋರ್ಚುಗೀಸರು, 1641ರಲ್ಲಿ ಡಚ್ಚರು, 1824ರ ಒಪ್ಪಂದದ ಮೂಲಕ ಬ್ರಿಟಿಷರು ಅದನ್ನು ಪಡೆದರು. ಈ ತಮಿಳು ವರ್ತಕರು ಅಲ್ಲಿಯ ಮಲಯ, ಜಾವಾ, ಚೀನೀ ಸ್ತ್ರೀಯರನ್ನು ವಿವಾಹವಾದರು. ಅವರ ಸಂತತಿಯೇ ಇಂದಿನ ಮೆಲಾಕಾ ಚೆಟ್ಟಿ ಸಮುದಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಲೇವಾದೇವಿಗಾಗಿ ಬಂದ ನಾಟ್ಟುಕೋಟ್ಟೈ ಚೆಟ್ಟಿಯಾರರು ಬೇರೆ, ಇವರು ಬೇರೆ.

ಈ ಚೆಟ್ಟಿಗಳ ಮನೆಮಾತು ಮಲಯ ಭಾಷೆಯ ಒಂದು ರೂಪ. ತಮಿಳು ಅವರ ಮನೆಗಳಿಂದ ಎಂದೋ ಮರೆಯಾಯಿತು. ಹೆಂಗಸರ ಉಡುಪು ಮಲಯ ಮಾದರಿಯ ಕೆಬಾಯ. ಅಡುಗೆಯಲ್ಲಿ ಸಂಬಲ್ ಮತ್ತು ತೆಂಗಿನ ಹಾಲಿನ ಅನ್ನ. ಆದರೆ ಧರ್ಮ ಶೈವ ಹಿಂದೂ ಧರ್ಮವೇ. ನಗರದ ನಡುವೆ ಅಕ್ಕಸಾಲಿಗರ ಬೀದಿಯಲ್ಲಿ, ಮಸೀದಿ ಮತ್ತು ಚೀನೀ ದೇವಾಲಯಗಳ ನೆರೆಯಲ್ಲಿ, ಡಚ್ ಆಡಳಿತವು ಕೊಟ್ಟ ಭೂಮಿಯಲ್ಲಿ ಅವರು 1781ರಲ್ಲಿ ಕಟ್ಟಿದ ಶ್ರೀ ಪೊಯ್ಯಾದ ವಿನಾಯಗರ್ ದೇವಾಲಯ ಇಂದಿಗೂ ಇದೆ. ಅವರ ಬಡಾವಣೆ ಗಾಜಾ ಬೆರಾಂಗ್ ಪ್ರದೇಶದಲ್ಲಿ. ಅಲ್ಲಿ 1822ರ ಮುತ್ತುಮಾರಿಯಮ್ಮನ ಗುಡಿಯಿದೆ.

ವರ್ಷಕ್ಕೆ ಎರಡು ಬಾರಿ ಅವರು ಪಿತೃಗಳಿಗೆ "ಪರ್ಚು" ಎಂಬ ಆಚರಣೆಯನ್ನು ನಡೆಸುತ್ತಾರೆ. ಒಂದು ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು. ಇನ್ನೊಂದು ವರ್ಷದ ನಡುವೆ, ಹಣ್ಣುಗಳ ಕಾಲದಲ್ಲಿ. ಬಾಳೆ ಎಲೆಗಳನ್ನು ಹಾಸಿ, ಗತಿಸಿದ ಹಿರಿಯರಿಗೆ ಪ್ರಿಯವಾಗಿದ್ದ ಖಾದ್ಯಗಳನ್ನು ಬಡಿಸಿ, ಧೂಪ ಹಾಕಿ ನಮಸ್ಕರಿಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ನಮ್ಮ ಹಳ್ಳಿಗಳಲ್ಲಿ ಎಡೆ ಇಡುವುದನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಎಲೆಯ ಮೇಲಿನ ಪದಾರ್ಥ ಮಲಯ ಅಡುಗೆ, ಆಡುವ ಮಾತು ಮಲಯ, ಆದರೆ ಕ್ರಿಯೆಯ ಕ್ರಮ ನಮ್ಮದೇ ನೆಂಟಸ್ತಿಕೆಯದು.

ರೋಗವಿಲ್ಲದ ರೋಗದೇವತೆ

ಇವರ ಅತಿ ದೊಡ್ಡ ಹಬ್ಬ ಏಪ್ರಿಲ್-ಮೇ ತಿಂಗಳಲ್ಲಿ ನಡೆಯುವ ಮಾರಿಯಮ್ಮನ ಉತ್ಸವ. ಹರಕೆಯ ಕಾವಡಿ, ಹಾಲಿನ ಕೊಡ, ದೇವಿಯ ರಥದ ಮೆರವಣಿಗೆ ಎಲ್ಲವೂ ಅದರಲ್ಲಿವೆ. ಹಬ್ಬವನ್ನು ಅವರು ಕರೆಯುವುದು "ದಾತುಕ್ ಚಚಾರ್" ಎಂದು. "ಚಚಾರ್" ಎಂದರೆ ಮಲಯ ಭಾಷೆಯಲ್ಲಿ ಸಿಡುಬು. "ದಾತುಕ್" ಎಂದರೆ ಅಜ್ಜ, ಪೂಜ್ಯ ಹಿರಿಯ. ನಮ್ಮ "ಅಮ್ಮ" ಅಲ್ಲಿ "ಅಜ್ಜ"ನ ಬಿರುದನ್ನು ಪಡೆದಿದ್ದಾಳೆ! ದೇವತೆಯ ಹೆಸರು, ಬಿರುದಿನ ಲಿಂಗ, ಪ್ರಾರ್ಥಿಸುವ ಭಾಷೆ ಮೂರೂ ಬದಲಾದವು. ಹೊರುವ ಕಾವಡಿ ಬದಲಾಗಲಿಲ್ಲ.

ವೈದ್ಯನಿಗೆ ಇಲ್ಲಿ ಕುತೂಹಲ ಹುಟ್ಟುವುದು ಸಹಜ. ಸಿಡುಬು ಈಗ ಇಲ್ಲ. ಭಾರತದ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ಸಹಜವಾಗಿ ತಗುಲಿದ ಜಗತ್ತಿನ ಕೊನೆಯ ಪ್ರಕರಣ 1977ರ ಅಕ್ಟೋಬರಿನಲ್ಲಿ, ಸೊಮಾಲಿಯಾದಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗವು ನಿರ್ಮೂಲವಾಯಿತೆಂದು ಸಾರಿತು. ಸಿಡುಬಿನ ದೇವತೆಯ ಹಬ್ಬ ಮಾತ್ರ ಮೆಲಾಕಾದಲ್ಲಿ ನಿಲ್ಲಲಿಲ್ಲ. ಆಚರಣೆ ಯಾವುದನ್ನು ಸೂಚಿಸುತ್ತಿತ್ತೋ ಅದು ಭೂಮಿಯ ಮೇಲೆಯೇ ಇಲ್ಲವಾದ ಮೇಲೆ ಆ ಆಚರಣೆ ಏನನ್ನು ಸೂಚಿಸುತ್ತದೆ?

ಆಚರಣೆಯ ಪ್ರಯೋಜನವೇ ಅದರ ಅರ್ಥ ಎನ್ನುವವರಿದ್ದಾರೆ. ನಮ್ಮ ಕಡೆ "ಅಮ್ಮ ಎದ್ದರೆ" ಮಾಡುತ್ತಿದ್ದುದನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು, ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ, ಅಡುಗೆಗೆ ಒಗ್ಗರಣೆ ಹಾಕುತ್ತಿರಲಿಲ್ಲ, ತಂಪಾದ ಅಂಬಲಿ ಮಜ್ಜಿಗೆ ಕೊಡುತ್ತಿದ್ದರು, ಹೊಪ್ಪಳೆ ಉದುರಿದ ಮೇಲೆ ಬೇವಿನ ನೀರಿನಲ್ಲಿ ತಲೆಗೆ ನೀರು ಹಾಕುತ್ತಿದ್ದರು. ಇವುಗಳಲ್ಲಿ ರೋಗಿಯನ್ನು ಪ್ರತ್ಯೇಕವಾಗಿ ಇಡುವುದು ನಿಜಕ್ಕೂ ಉಪಯುಕ್ತ. ಸಿಡುಬು ಮುಖ್ಯವಾಗಿ ಹತ್ತಿರದ ಸಂಪರ್ಕದಲ್ಲಿ ಉಸಿರಿನ ಹನಿಗಳಿಂದ ಹರಡುತ್ತಿತ್ತು, ಹೊಪ್ಪಳೆ ಪೂರ್ಣ ಉದುರುವವರೆಗೂ ಸೋಂಕಿನ ಭಯವಿತ್ತು. ಆದರೆ ಒಗ್ಗರಣೆಯ ವಾಸನೆಗೂ ವೈರಸ್ಸಿಗೂ ಸಂಬಂಧವಿಲ್ಲ. ಬಾಗಿಲಿನ ಬೇವು ರೋಗಿಯ ದೇಹದೊಳಗಿನ ವೈರಸ್ಸನ್ನು ಕೊಲ್ಲದು. ಇನ್ನು ಮಾರಿಹಬ್ಬಕ್ಕೆ ಜನ ಗುಂಪುಗೂಡಿದರೆ ರೋಗ ಹರಡುವ ಸಂಭವವೇ ಹೆಚ್ಚು. ಒಂದೇ ಆಚರಣೆಯಲ್ಲಿ ಉಪಕಾರಿ, ನಿರಪಕಾರಿ, ಅಪಕಾರಿ ಮೂರೂ ಬೆರೆತಿದ್ದವು. ಆಚರಿಸುವವರು ಅವುಗಳನ್ನು ಬೇರ್ಪಡಿಸಿ ನೋಡುತ್ತಿರಲಿಲ್ಲ. ಮೇಲಾಗಿ ಪ್ರಯೋಜನವೇ ಕಾರಣವಾಗಿದ್ದರೆ 1980ರಲ್ಲಿ ಹಬ್ಬ ನಿಲ್ಲಬೇಕಾಗಿತ್ತು.

ಬೆಂಗಳೂರಿನಲ್ಲಿಯೂ ಇದೇ ಕಥೆ. 1898ರಲ್ಲಿ ಪ್ಲೇಗು ಬಂದಾಗ ಅಲ್ಲಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳೆದ್ದವು. ಪ್ಲೇಗಿನ ಕಾರಣ ಇಲಿಯ ಚಿಗಟದಲ್ಲಿರುವ ಬ್ಯಾಕ್ಟೀರಿಯಾ, ಸಿಡುಬಿನದು ವೈರಸ್. ವೈದ್ಯಶಾಸ್ತ್ರಕ್ಕೆ ಇವೆರಡೂ ಪೂರ್ತಿ ಬೇರೆ. ಆಚರಣೆಗೆ ಮಾತ್ರ ಹೊಸದಾಗಿ ಏನೂ ಬೇಕಾಗಲಿಲ್ಲ. ಹೆಸರು ಬದಲಾಯಿತು, ಬೇವು, ತಂಪು, ಹರಕೆ ಹಾಗೆಯೇ ಮುಂದುವರಿದವು. ಕೊರೋನಾ ಕಾಲದಲ್ಲಿ, 2021ರಲ್ಲಿ, ಕೊಯಮತ್ತೂರಿನಲ್ಲಿ ಕೊರೋನಾ ದೇವಿಯ ವಿಗ್ರಹ ಪ್ರತಿಷ್ಠೆಯಾದುದನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಕ್ರಿಯೆ ಒಂದು ಪಾತ್ರೆಯಂತೆ ಉಳಿಯುತ್ತದೆ, ಅರ್ಥ ಅದರೊಳಗೆ ತುಂಬಿ ಬರಿದಾಗುತ್ತದೆ.

ಪಾಂಜಾಳದ ಯಜ್ಞ ಮತ್ತು ಸ್ಟಾಲರ ವಾದ

ಇದೇ ಮಾತನ್ನು ತುದಿಯವರೆಗೆ ಎಳೆದವರು ಫ್ರಿಟ್ಸ್ ಸ್ಟಾಲ್. 1930ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಹುಟ್ಟಿ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, 2012ರಲ್ಲಿ ತೀರಿಕೊಂಡ ಈ ಡಚ್ ವಿದ್ವಾಂಸರು ತರ್ಕಶಾಸ್ತ್ರ ಮತ್ತು ಸಂಸ್ಕೃತ ವ್ಯಾಕರಣ ಎರಡರಲ್ಲಿಯೂ ಪಳಗಿದವರು. 1975ರ ಏಪ್ರಿಲ್‌ನಲ್ಲಿ ಕೇರಳದ ಪಾಂಜಾಳ ಗ್ರಾಮದಲ್ಲಿ ನಂಬೂದಿರಿ ಬ್ರಾಹ್ಮಣರು ಹನ್ನೆರಡು ದಿನಗಳ ಅಗ್ನಿಚಯನವನ್ನು ನಡೆಸಿದರು. ಸ್ಟಾಲ್ ಮತ್ತು ಸಂಗಡಿಗರು ಅದನ್ನು ಚಲನಚಿತ್ರದಲ್ಲಿ, ಧ್ವನಿಯಲ್ಲಿ ದಾಖಲಿಸಿದರು. ರೆಕ್ಕೆ ಚಾಚಿದ ಹಕ್ಕಿಯ ಆಕಾರದ ಚಿತಿಯನ್ನು ಐದು ಪದರಗಳಲ್ಲಿ, ಸಾವಿರಕ್ಕೂ ಮೇಲ್ಪಟ್ಟ ಇಟ್ಟಿಗೆಗಳಿಂದ, ಒಂದೊಂದು ಇಟ್ಟಿಗೆಗೂ ಮಂತ್ರ ಹೇಳಿ ಕಟ್ಟಿದರು. ಮುಗಿದ ಮೇಲೆ ಯಜ್ಞಶಾಲೆಗೆ ಬೆಂಕಿ ಹಾಕಿದರು.

ಇದನ್ನೆಲ್ಲ ಏಕೆ ಮಾಡುತ್ತೀರಿ ಎಂಬ ಪ್ರಶ್ನೆಗೆ ಋತ್ವಿಜರಿಂದ ಬಂದ ಉತ್ತರಗಳು ಸ್ಟಾಲರನ್ನು ಯೋಚನೆಗೆ ಹಚ್ಚಿದವು. ನಮ್ಮ ಹಿರಿಯರು ಮಾಡಿದರು, ನಮಗೆ ಅಧಿಕಾರವಿದೆ, ಶಾಸ್ತ್ರ ವಿಧಿಸಿದೆ, ಲೋಕಕ್ಕೆ ಒಳ್ಳೆಯದು. ಈ ಇಟ್ಟಿಗೆ ಇದನ್ನು ಸೂಚಿಸುತ್ತದೆ, ಈ ಹಕ್ಕಿ ಅದನ್ನು ಸೂಚಿಸುತ್ತದೆ ಎಂಬ ಮಾತು ಅವರಿಂದ ಬರಲಿಲ್ಲ. ಅವರ ಗಮನವೆಲ್ಲ ಲೋಪವಿಲ್ಲದೆ ಮಾಡುವುದರ ಮೇಲೆ. 1979ರಲ್ಲಿ ಸ್ಟಾಲ್ "ನ್ಯೂಮೆನ್" ಪತ್ರಿಕೆಯಲ್ಲಿ ಆಚರಣೆಯ ಅರ್ಥಹೀನತೆಯ ಬಗ್ಗೆ ಲೇಖನ ಬರೆದರು. 1989ರಲ್ಲಿ ಅದನ್ನೇ ಬೆಳೆಸಿ ಗ್ರಂಥವನ್ನು ಪ್ರಕಟಿಸಿದರು. ಅವರ ಪ್ರಕಾರ ಆಚರಣೆಯು ನಿಯಮಗಳಿಗೆ ಬದ್ಧವಾದ ಶುದ್ಧ ಕ್ರಿಯೆ. ಅದಕ್ಕೆ ವ್ಯಾಕರಣದ ವಾಕ್ಯರಚನೆಯಂತೆ ರಚನೆಯಿದೆ, ಶಬ್ದಾರ್ಥವಿಲ್ಲ, ಹಕ್ಕಿಯ ಹಾಡಿನಂತೆ. ಬ್ರಾಹ್ಮಣ ಗ್ರಂಥಗಳು ಹೇಳುವ ಸಂಕೇತಾರ್ಥಗಳು ಆಮೇಲೆ ಅಂಟಿಸಿದ ವ್ಯಾಖ್ಯಾನಗಳು, ಒಂದಕ್ಕೊಂದು ಹೊಂದದವು.

ವಿರೋಧಿಗಳೂ ಸುಮ್ಮನಿರಲಿಲ್ಲ. ವಿಕ್ಟರ್ ಟರ್ನರ್ ಅವರು ಆಫ್ರಿಕದ ಎನ್ಡೆಂಬು ಜನರಲ್ಲಿ ಬಿಳಿಯ ಹಾಲು ಸೂಸುವ ಮರದ ಕೆಳಗೆ ಹುಡುಗಿಯರ ಸಂಸ್ಕಾರ ನಡೆಯುವುದನ್ನು ಮೊದಲೇ ವಿವರಿಸಿದ್ದರು. ಅಲ್ಲಿ ಆ ಜನರೇ ಹಾಲು, ತಾಯ್ತನ, ಕುಲ ಎಂದು ಅರ್ಥ ಹೇಳುತ್ತಿದ್ದರು. 1985ರಲ್ಲಿ ಹ್ಯಾನ್ಸ್ ಪೆನ್ನರ್ ಅದೇ "ನ್ಯೂಮೆನ್" ಪತ್ರಿಕೆಯಲ್ಲಿ ಸ್ಟಾಲರನ್ನು ಖಂಡಿಸಿದರು: ವಾಕ್ಯರಚನೆಯನ್ನು ಅರ್ಥದಿಂದ ಬೇರ್ಪಡಿಸಿದರೆ ಭಾಷೆಯ ಹೋಲಿಕೆಯೇ ನಿಲ್ಲದು ಎಂಬುದು ಅವರ ಆಕ್ಷೇಪ.

ಪಾಂಜಾಳದಲ್ಲಿಯೇ ಎರಡೂ ಪಕ್ಷಕ್ಕೆ ಸಾಕ್ಷಿಯಾಗುವ ಒಂದು ಸಂಗತಿ ನಡೆದಿತ್ತು. ಪ್ರಾಣಿಬಲಿಗೆ ಸಾರ್ವಜನಿಕರಿಂದ ವಿರೋಧ ಬಂದುದರಿಂದ ಆಡುಗಳ ಬದಲಿಗೆ ಬಾಳೆ ಎಲೆಯಲ್ಲಿ ಸುತ್ತಿದ ಅಕ್ಕಿಹಿಟ್ಟನ್ನು ಬಳಸಿದರು. ನಮ್ಮ ಮಾಧ್ವ ಸಂಪ್ರದಾಯದಲ್ಲಿ ಪಿಷ್ಟಪಶು ಎಂಬ ಹಿಟ್ಟಿನ ಪಶು ಮೊದಲಿನಿಂದ ಪರಿಚಿತವೇ. ವಧೆ ಹೋದರೂ ಕ್ರಮ ನಡೆಯಿತು, ಆದ್ದರಿಂದ ಕ್ರಮವೇ ಮುಖ್ಯ ಎಂದು ಸ್ಟಾಲರ ಪಕ್ಷದವರು ಹೇಳಬಹುದು. ಆದರೆ ಬಲಿಗೆ ಅರ್ಥವೇ ಇಲ್ಲದಿದ್ದರೆ ಜನ ಪ್ರತಿಭಟಿಸುತ್ತಿದ್ದರೇ? ಹಿಟ್ಟು ಪಶುವಿನ ಸ್ಥಾನದಲ್ಲಿ ನಿಲ್ಲಬಲ್ಲದು ಎಂಬುದೇ ಸಂಕೇತದ ಮಾತಲ್ಲವೇ?

ಕೌತ್ಸ, ಯಾಸ್ಕ, ಸಾಯಣ

ಸ್ಟಾಲರ ವಾದ ಹೊಸದಲ್ಲವೆಂದು ಅವರಿಗೂ ಗೊತ್ತಿತ್ತು. ಮಂತ್ರಗಳಿಗೆ ಅರ್ಥವಿಲ್ಲವೆಂದು ವಾದಿಸಿದ ಕೌತ್ಸನೆಂಬ ಆಚಾರ್ಯನನ್ನು ಯಾಸ್ಕನು ನಿರುಕ್ತದಲ್ಲಿ ಹೆಸರಿಸಿದ್ದಾನೆ. ಕೌತ್ಸನ ಕಾರಣಗಳು ಇಂದಿಗೂ ಚುರುಕಾಗಿವೆ. ಮಂತ್ರದಲ್ಲಿ ಒಂದು ಪದಕ್ಕೆ ಬದಲಾಗಿ ಸಮಾನಾರ್ಥಕವಾದ ಇನ್ನೊಂದನ್ನು ಇಡುವಂತಿಲ್ಲ, ಕ್ರಮ ಬದಲಿಸುವಂತಿಲ್ಲ. ಅರ್ಥವೇ ಉದ್ದೇಶವಾಗಿದ್ದರೆ ಈ ಕಟ್ಟುನಿಟ್ಟೇಕೆ? ಜಡವಾದ ಗಿಡಮೂಲಿಕೆಯನ್ನು ಕಾಪಾಡೆಂದು ಬೇಡುವುದುಂಟು. ರುದ್ರನು ಒಬ್ಬನೇ ಎಂದು ಒಂದು ಕಡೆ, ಸಾವಿರಾರು ರುದ್ರರೆಂದು ಇನ್ನೊಂದು ಕಡೆ. ಕೆಲವು ಪದಗಳ ಅರ್ಥ ಯಾರಿಗೂ ತಿಳಿಯದು.

ಯಾಸ್ಕನು ಉತ್ತರ ಕೊಟ್ಟನು. ವೇದದ ಪದಗಳು ಲೋಕದ ಪದಗಳೇ, ಆದ್ದರಿಂದ ಅರ್ಥ ಇದ್ದೇ ಇದೆ. ಸ್ಥಿರವಾದ ಪದಕ್ರಮ ಲೋಕದ ಮಾತಿನಲ್ಲಿಯೂ ಉಂಟು. ಅರ್ಥ ತಿಳಿಯದಿದ್ದರೆ ಅದು ಕೇಳುವವನ ಕೊರತೆ. ಕುರುಡನು ಕಂಬವನ್ನು ಎಡವಿದರೆ ತಪ್ಪು ಕಂಬದ್ದಲ್ಲ ಎಂಬ ಧಾಟಿಯಲ್ಲಿ ಅವನ ಉತ್ತರ ಸಾಗುತ್ತದೆ.

ಜೈಮಿನಿಯ ಮೀಮಾಂಸಾಸೂತ್ರಗಳ ಮೊದಲ ಅಧ್ಯಾಯದಲ್ಲಿ ಈ ಚರ್ಚೆ ಮರಳಿ ಬರುತ್ತದೆ. ಅಲ್ಲಿಯ ತೀರ್ಮಾನ ಸೂಕ್ಷ್ಮವಾದುದು: ಮಂತ್ರಕ್ಕೆ ಅರ್ಥವಿದೆ, ಮತ್ತು ಆ ಅರ್ಥದ ಕೆಲಸ ಮಾಡಬೇಕಾದ ಕ್ರಿಯೆಯನ್ನು ಆ ಕ್ಷಣದಲ್ಲಿ ನೆನಪಿಗೆ ತರುವುದು. ಕಣ್ಣಿಗೆ ಕಾಣುವ ಈ ಪ್ರಯೋಜನ ಇರುವಾಗ ಕಾಣದ ಫಲವನ್ನು ಕಲ್ಪಿಸಬೇಕಾಗಿಲ್ಲ. ಆದರೆ ಅರ್ಥವು ಇಲ್ಲಿ ಕ್ರಿಯೆಯ ಸೇವಕ, ಒಡೆಯನಲ್ಲ.

ಈ ಚರ್ಚೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಸಾಯಣಾಚಾರ್ಯರು ಋಗ್ವೇದಕ್ಕೆ ಭಾಷ್ಯ ಬರೆಯುವಾಗ ಅದರ ಪೀಠಿಕೆಯಲ್ಲಿ ಮಂತ್ರಗಳಿಗೆ ಅರ್ಥವಿಲ್ಲವೆಂಬ ಪೂರ್ವಪಕ್ಷವನ್ನು ವಿಸ್ತಾರವಾಗಿ ಎತ್ತಿಕೊಂಡು ಖಂಡಿಸಿದರು. ಅದು ಅವರಿಗೆ ಅನಿವಾರ್ಯವಾಗಿತ್ತು. ಕೌತ್ಸನ ಮಾತು ನಿಜವಾದರೆ ಭಾಷ್ಯಕ್ಕೆ ಕೆಲಸವೇ ಇರುವುದಿಲ್ಲ.

ಅರ್ಥ ಎಲ್ಲಿ ದುಡಿಯುತ್ತದೆ?

ಹಾಗಾದರೆ ಯಾರು ಸರಿ? ರೋಗನಿದಾನದಲ್ಲಿ ನಾವು ಲಕ್ಷಣವನ್ನು ಹುಡುಕುವಂತೆ ಇಲ್ಲಿಯೂ ಎರಡು ಲಕ್ಷಣಗಳನ್ನು ನೋಡಬಹುದು. ಆಚರಣೆಯಲ್ಲಿ ಯಾವುದನ್ನು ತಪ್ಪೆಂದು ಎಣಿಸುತ್ತಾರೆ? ಯಾವುದನ್ನು ಬದಲಿಸಲೇಬೇಕು ಎನ್ನುತ್ತಾರೆ?

ಮೊದಲನೆಯದು ಸ್ಟಾಲರ ಕಡೆಗಿದೆ. ಶ್ರೌತಗ್ರಂಥಗಳಲ್ಲಿ ಪ್ರಾಯಶ್ಚಿತ್ತಗಳು ಹೇರಳವಾಗಿವೆ. ಹವಿಸ್ಸು ಚೆಲ್ಲಿದರೆ, ಅಗ್ನಿ ಆರಿದರೆ, ಕ್ರಮ ತಪ್ಪಿದರೆ ಒಂದೊಂದಕ್ಕೂ ವಿಧಿಯುಂಟು. ಆದರೆ ಇಟ್ಟಿಗೆಯ ಸಂಕೇತಾರ್ಥವನ್ನು ತಪ್ಪಾಗಿ ತಿಳಿದವನು ಆ ಕಾರಣಕ್ಕಾಗಿ ಚಿತಿಯನ್ನು ಮತ್ತೆ ಕಟ್ಟಬೇಕಾಗಿಲ್ಲ. ಮೆಲಾಕಾದ ಚೆಟ್ಟಿಗೆ ತಮಿಳು ತಿಳಿಯದಿದ್ದರೆ ಅವನ ಕಾವಡಿ ಅಸಿಂಧುವಾಗುವುದಿಲ್ಲ. ಹರಕೆ ಹೊತ್ತು ಅರ್ಧದಲ್ಲಿ ಇಳಿಸಿದರೆ ಆಗುತ್ತದೆ.

ಎರಡನೆಯದು ಯಾಸ್ಕ-ಜೈಮಿನಿಯರ ಕಡೆಗಿದೆ. ಮೀಮಾಂಸೆಯ ಒಂಬತ್ತನೆಯ ಅಧ್ಯಾಯ ಪೂರ್ತಿಯಾಗಿ "ಊಹ" ಎಂಬ ವಿಷಯಕ್ಕೆ ಮೀಸಲು. ಅಗ್ನಿಗೆ ಹವಿಸ್ಸು ಅರ್ಪಿಸುವ ಮೂಲಯಾಗದ ಮಂತ್ರವನ್ನು ಸೂರ್ಯನಿಗೆ ಅರ್ಪಿಸುವ ಯಾಗದಲ್ಲಿ ಬಳಸುವಾಗ "ಅಗ್ನಯೇ" ಎಂಬಲ್ಲಿ "ಸೂರ್ಯಾಯ" ಎನ್ನಬೇಕು. ಮಂತ್ರ ಹಕ್ಕಿಯ ಹಾಡಿನಂತೆ ಬರಿಯ ಧ್ವನಿಯಾಗಿದ್ದರೆ ಈ ತಿದ್ದುಪಡಿಗೆ ಕಾರಣವೇ ಇರುತ್ತಿರಲಿಲ್ಲ.

ಇದರ ಉದಾಹರಣೆ ಹೊರನಾಡಿನ ನಮ್ಮ ಮನೆಗಳಲ್ಲಿಯೇ ಇದೆ. ಊರಿನಲ್ಲಿ ಸಂಕಲ್ಪ ಮಾಡುವಾಗ ಜಂಬೂದ್ವೀಪ, ಭರತಖಂಡ ಎಂದು ಸ್ಥಳವನ್ನು ಹೇಳುತ್ತೇವೆ. ಅಮೆರಿಕದಲ್ಲಿ ಅದನ್ನೇ ಹೇಳಿದರೆ ಮಾತು ಸುಳ್ಳಾಗುತ್ತದೆ. ಆದ್ದರಿಂದ ಅಲ್ಲಿಯ ಕೆಲವು ಪುರೋಹಿತರು ಪುರಾಣದ ಭೂಗೋಳವನ್ನು ಹುಡುಕಿ ಕ್ರೌಂಚದ್ವೀಪವೆಂದು ಹೇಳುವ ರೂಢಿಯನ್ನು ತಂದರು. ಸಂವತ್ಸರ, ಮಾಸ, ತಿಥಿಗಳನ್ನೂ ಪ್ರತಿಸಲವೂ ಸರಿಯಾಗಿ ಹೇಳಲೇಬೇಕು. ಅಂದರೆ ಯಾರು, ಎಲ್ಲಿ, ಯಾವಾಗ, ಯಾರಿಗೆ ಎಂಬಲ್ಲಿ ಅರ್ಥ ಖಂಡಿತವಾಗಿ ದುಡಿಯುತ್ತದೆ. ಆದರೆ ಮೂರು ಬಾರಿ ಆಚಮನ ಏಕೆ, ಪ್ರದಕ್ಷಿಣೆ ಬಲಗಡೆಯಿಂದ ಏಕೆ ಎಂಬಲ್ಲಿ ಯಾವ ಉತ್ತರ ಕೊಟ್ಟರೂ ಕ್ರಿಯೆ ಅಲುಗುವುದಿಲ್ಲ.

ಆದ್ದರಿಂದ ಅರ್ಥ ಆಚರಣೆಯ ಎಲ್ಲ ಭಾಗಗಳಲ್ಲಿ ಸಮನಾಗಿ ಹರಡಿಲ್ಲ. ಕೆಲವು ಕಡೆ ಅದು ಕಟ್ಟಡದ ಕಂಬ, ಕೆಲವು ಕಡೆ ಗೋಡೆಯ ಮೇಲೆ ತೂಗುಹಾಕಿದ ಚಿತ್ರಪಟ. ಕ್ಯಾರೊಲಿನ್ ಹಂಫ್ರಿ ಮತ್ತು ಜೇಮ್ಸ್ ಲೇಡ್ಲಾ ಜೈಪುರದ ಜೈನರ ಪೂಜೆಯನ್ನು ಅಧ್ಯಯನ ಮಾಡಿ 1994ರಲ್ಲಿ ಬರೆದ ಗ್ರಂಥವೂ ಇದರ ಸಮೀಪಕ್ಕೆ ಬರುತ್ತದೆ. ಅಲ್ಲಿ ಒಂದೇ ಪೂಜಾಕ್ರಿಯೆಗೆ ಭಕ್ತರು ಬೇರೆಬೇರೆ ಅರ್ಥಗಳನ್ನು ಹೇಳಿದರು. ಕ್ರಿಯೆ ಮೊದಲೇ ಸಿದ್ಧವಾಗಿರುತ್ತದೆ. ಮಾಡುವವನು ತನ್ನ ಅರ್ಥವನ್ನು ಅದಕ್ಕೆ ಕೊಡಬಹುದು, ಕೊಡದೆಯೂ ಇರಬಹುದು. ಹೀಗೆ ನೋಡಿದರೆ ಅರ್ಥವಿಲ್ಲ ಎಂಬ ಸ್ಟಾಲರ ಮಾತು ಅತಿಯಾಯಿತು. ಆಚರಣೆಯನ್ನು ಹಿಡಿದು ನಿಲ್ಲಿಸುವುದು ಸಂಕೇತಾರ್ಥವಲ್ಲ ಎಂಬ ಮಾತು ಉಳಿಯುತ್ತದೆ.

ನಮ್ಮ ಮನೆಗಳಿಗೆ ಇದರ ಪಾಠ

ಇದರಿಂದ ಎರಡು ವಿಷಯಗಳು ಹೊರಡುತ್ತವೆ. ಒಂದು, ಮಕ್ಕಳಿಗೆ "ವೈಜ್ಞಾನಿಕ ಕಾರಣ" ಹೇಳುವ ನಮ್ಮ ಅಭ್ಯಾಸ. ಬೇವು ಕ್ರಿಮಿನಾಶಕ, ಆದ್ದರಿಂದ ತೋರಣ ಎಂದರೆ, ಮುಂದೆ ಕಾಲೇಜಿಗೆ ಹೋದ ಮಗಳು ಆ ಕಾರಣ ನಿಲ್ಲುವುದಿಲ್ಲವೆಂದು ತಿಳಿದ ದಿನ ತೋರಣವನ್ನೂ ಬಿಡುತ್ತಾಳೆ. ಅವಳದು ಸರಿಯಾದ ತರ್ಕವೇ. ಹಿರಿಯರು ಮಾಡಿದರು, ನಾವೂ ಮಾಡುತ್ತೇವೆ ಎಂದು ಪಾಂಜಾಳದ ಋತ್ವಿಜರು ಹೇಳಿದ ಉತ್ತರ ಬಡವಾಗಿ ಕಂಡರೂ ಪ್ರಾಮಾಣಿಕವಾದುದು, ಸುಳ್ಳಾಗದಂಥದು.

ಇನ್ನೊಂದು ನಮ್ಮಂತಹ ಸಂಘಗಳಿಗೆ ಹೆಚ್ಚು ಕಠಿಣವಾದುದು. ಗಣೇಶನ ಹಬ್ಬ, ಯುಗಾದಿ, ಸತ್ಯನಾರಾಯಣ ಪೂಜೆ ನಡೆದರೆ ಕನ್ನಡ ತಾನಾಗಿ ಉಳಿಯುತ್ತದೆ ಎಂದು ನಾವು ನಂಬಿದ್ದೇವೆ. ಮೆಲಾಕಾ ಇದನ್ನು ಒಪ್ಪುವುದಿಲ್ಲ. ಚೆಟ್ಟಿಗಳು ಪೋರ್ಚುಗೀಸ್, ಡಚ್, ಬ್ರಿಟಿಷ್ ಆಳ್ವಿಕೆಗಳನ್ನು ದಾಟಿ ಪೂಜೆಯನ್ನು ಉಳಿಸಿಕೊಂಡರು, ಭಾಷೆಯನ್ನು ಕಳೆದುಕೊಂಡರು. ಆಚರಣೆಗೆ ಭಾಷೆಯ ಆಸರೆ ಅಷ್ಟಾಗಿ ಬೇಡವಾದ್ದರಿಂದಲೇ ಅದು ಭಾಷೆಯನ್ನು ಕಾಪಾಡಲಾರದು. ಕ್ರಿಯೆ ಅರ್ಥವಿಲ್ಲದೆ ಬದುಕಬಲ್ಲದು. ಮಾತಿಗೆ ಆ ಭಾಗ್ಯವಿಲ್ಲ. ಅರ್ಥ ತಿಳಿದು ಆಡುವವರು ಇಲ್ಲವಾದ ದಿನ ಅದು ಮುಗಿಯಿತು. ಪೂಜೆಯ ಪ್ರಸಾದ ಹಂಚಿದ ಮೇಲೆ ಅದೇ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕನ್ನಡದಲ್ಲಿ ಮಾತನಾಡುವ ಕೆಲಸ ಬೇರೆಯೇ ಆಗಿ ನಡೆಯಬೇಕು.